ಹಾಲು ಕುಡಿದರೆ ಹೊಟ್ಟೆ ಗುಡುಗುಡು, ಮಜ್ಜಿಗೆ ಕುಡಿದರೆ ಏನೂ ಇಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರಿನಲ್ಲಿ ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಹಾಲಿನ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ, ನಾನು ಕೊಡುವ ಉತ್ತರಗಳೂ ಅಷ್ಟೇ. ಆದ್ದರಿಂದ ಒಮ್ಮೆ ಬರೆದಿಟ್ಟುಬಿಡೋಣ ಎನಿಸಿತು.

ಹಾಲು ಕುಡಿದ ಗಂಟೆಯೊಳಗೆ ಹೊಟ್ಟೆ ಉಬ್ಬುತ್ತದೆ, ಗುಡುಗುತ್ತದೆ. ಒಳಗೆ ಏನಾಗುತ್ತಿದೆ?

ಹಾಲಿನಲ್ಲಿ ಅದರದೇ ಆದ ಒಂದು ಸಕ್ಕರೆ ಇದೆ, ಹೆಸರು ಲ್ಯಾಕ್ಟೋಸ್. 100 ಮಿಲೀ ಹಾಲಿನಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಅದು ಇದ್ದ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಒಂದು ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳಾಗಿ ಒಡೆಯಬೇಕು. ಆ ಕಿಣ್ವದ ಹೆಸರು ಲ್ಯಾಕ್ಟೇಸ್. ಸಕ್ಕರೆ ಲ್ಯಾಕ್ಟೋಸ್, ಅದನ್ನು ಒಡೆಯುವುದು ಲ್ಯಾಕ್ಟೇಸ್: ಹೆಸರಿಟ್ಟವರಿಗೆ ನಮ್ಮ ಮೇಲೆ ಕರುಣೆ ಇರಲಿಲ್ಲ. ಗೊಂದಲವಾಗದಿರಲಿ ಎಂದು ಮುಂದೆ ‘ಹಾಲಿನ ಸಕ್ಕರೆ’ ಮತ್ತು ‘ಕಿಣ್ವ’ ಎಂದೇ ಬರೆಯುತ್ತೇನೆ.

ಎಳೆಮಕ್ಕಳಲ್ಲಿ ಈ ಕಿಣ್ವ ಧಾರಾಳವಾಗಿರುತ್ತದೆ. ತಾಯಿಯ ಹಾಲು ಬಿಟ್ಟ ನಂತರದ ವರ್ಷಗಳಲ್ಲಿ ಅನೇಕರಲ್ಲಿ ಅದು ತಾನಾಗಿಯೇ ತಗ್ಗುತ್ತಾ ಹೋಗುತ್ತದೆ. ಹೀಗೆ ತಗ್ಗುವುದು ರೋಗವಲ್ಲ, ವಂಶದಿಂದ ಬಂದ ಗುಣ. ಉತ್ತರ ಭಾರತದವರಿಗಿಂತ ದಕ್ಷಿಣದ ನಮ್ಮಲ್ಲಿ ಇದು ಹೆಚ್ಚು.

ಒಡೆಯದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ. ಅದೇ ಭೇದಿಗೆ ಕಾರಣ. ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಮಾಡುತ್ತವೆ. ಉಬ್ಬರ, ಗುಡುಗುಡು, ಹಿಡಿದು ಬಿಟ್ಟಂಥ ನೋವು ಬರುವುದು ಆ ಗಾಳಿಯಿಂದ. ಕೆಲವರಿಗೆ ಓಕರಿಕೆಯೂ ಇರುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಶುರುವಾಗುತ್ತದೆ, ಕೆಲವೊಮ್ಮೆ ಇನ್ನೂ ತಡವಾಗಬಹುದು. ಸಕ್ಕರೆ ಹೊರಗೆ ಹೋದ ಮೇಲೆ ತಣ್ಣಗಾಗುತ್ತದೆ. ಕರುಳಿಗೆ ಇದರಿಂದ ಗಾಯವಾಗುವುದಿಲ್ಲ.

ಹಾಗಾದರೆ ಇದು ಹಾಲಿನ ಅಲರ್ಜಿಯೇ?

ಅಲ್ಲ. ಅಲರ್ಜಿ ಬರುವುದು ಹಾಲಿನ ಪ್ರೋಟೀನ್‌ನಿಂದ, ಸಕ್ಕರೆಯಿಂದಲ್ಲ. ಅಲರ್ಜಿಯಲ್ಲಿ ಮೈಮೇಲೆ ದದ್ದು ಏಳಬಹುದು, ತುಟಿ ಅಥವಾ ಮುಖ ಊದಿಕೊಳ್ಳಬಹುದು, ಉಸಿರು ಕಟ್ಟಬಹುದು. ಒಂದು ಚಮಚ ಹಾಲು ಅಥವಾ ಮೊಸರು ಕೂಡ ಸಾಕಾಗುತ್ತದೆ. ಅಂಥವರು ಈ ಪುಟದಲ್ಲಿರುವ ಯಾವ ಪ್ರಯೋಗವನ್ನೂ ಮಾಡಬಾರದು. ಲ್ಯಾಕ್ಟೋಸ್ ಮುಕ್ತ ಹಾಲಿನಲ್ಲಿ ಪ್ರೋಟೀನ್ ಹಾಗೆಯೇ ಇರುವುದರಿಂದ ಅದೂ ಅವರಿಗೆ ಅಪಾಯವೇ. ಉಸಿರಾಟದ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನನಗೆ ಇರುವುದು ಇದೇ ಎಂದು ಮನೆಯಲ್ಲೇ ಹೇಗೆ ತಿಳಿಯುವುದು?

ಒಬ್ಬರ ಕಥೆಯನ್ನೇ ಹೇಳುತ್ತೇನೆ, ಕ್ರಮವೂ ಅದರಲ್ಲೇ ಬರುತ್ತದೆ. ನಲವತ್ತು ದಾಟಿದ ಗುಮಾಸ್ತರು, ಮನೆ ಸಿಂಧನೂರು, ಕೆಲಸ ಮಾನ್ವಿ. ಬೆಳಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ಹಾಲು ಕುಡಿಯುವುದು ತಾಯಿ ಹಾಕಿಕೊಟ್ಟ ರೂಢಿ. ಏಳಕ್ಕೆ ಬಸ್ಸು. ಪೋತ್ನಾಳ ಬರುವಷ್ಟರಲ್ಲಿ ಹೊಟ್ಟೆಯ ಸದ್ದು ಪಕ್ಕದ ಸೀಟಿನವರಿಗೂ ಕೇಳುತ್ತಿತ್ತಂತೆ. ಎರಡು ಸಲ ನಡುದಾರಿಯಲ್ಲಿ ಇಳಿದಿದ್ದಾರೆ. ಅವರು ದೂರುತ್ತಿದ್ದದ್ದು ಹಿಂದಿನ ಸಂಜೆ ತಿಂದ ಒಗ್ಗರಣೆ-ಮಿರ್ಚಿಯನ್ನು.

ಆ ಅನುಮಾನವನ್ನು ತಳ್ಳಿಹಾಕುವಂತಿರಲಿಲ್ಲ. ಕಡಲೆಹಿಟ್ಟು, ಮಡಕೆಕಾಳು, ಹಸಿ ಈರುಳ್ಳಿ ಇವೆಲ್ಲ ಗಾಳಿ ಮಾಡುವ ಪದಾರ್ಥಗಳೇ, ಮತ್ತು ನಮ್ಮ ಕಡೆ ರೊಟ್ಟಿಯ ತಟ್ಟೆಯಲ್ಲಿ ಇವು ಇಲ್ಲದ ದಿನ ಕಡಿಮೆ. ಅದಕ್ಕೇ ಉಳಿದ ಊಟವನ್ನು ಒಂದಿಷ್ಟೂ ಬದಲಿಸಬೇಡಿ, ಮಿರ್ಚಿಯನ್ನೂ ಬಿಡಬೇಡಿ ಎಂದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ತಪ್ಪು ಯಾವುದರದ್ದೆಂದು ಗೊತ್ತಾಗುವುದೇ ಇಲ್ಲ.

ಮೊದಲು ಅವರ ಲೋಟವನ್ನು ಅಳೆಸಿದೆ. ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಅಳತೆಯ ಪಾತ್ರೆಗೆ ಸುರಿದರೆ 300 ಮಿಲೀ ಬಂತು. ಅಂದರೆ ಬೆಳಗಿನ ಆರಕ್ಕೆ ಒಂದೇ ಏಟಿಗೆ ಸುಮಾರು 14-15 ಗ್ರಾಂ ಹಾಲಿನ ಸಕ್ಕರೆ. ಆಮೇಲೆ ಎರಡು ವಾರ ಹಾಲು ಬಂದ್. ಚಹಾ ಕೂಡ ಹಾಲಿಲ್ಲದ್ದೇ. ಇದಕ್ಕೆ ಅವರು ಬಹಳ ಗೊಣಗಿದರು. ಕ್ಯಾಲೆಂಡರಿನ ಚೌಕಗಳಲ್ಲಿ ದಿನವೂ ಮೂರೇ ವಿಷಯ ಬರೆಯಬೇಕಿತ್ತು: ಉಬ್ಬರ ಇತ್ತೇ, ನೋವು ಇತ್ತೇ, ಎಷ್ಟು ಸಲ ಹೊರಗೆ ಹೋದರು. ಮೊದಲ ಮೂರು ದಿನ ಹೆಚ್ಚೇನೂ ಬದಲಾಗಲಿಲ್ಲ. ಐದನೆಯ ದಿನದ ನಂತರ ಚೌಕಗಳು ಖಾಲಿ ಖಾಲಿ. ಮಿರ್ಚಿ ತಿಂದ ಮರುದಿನ ಮಾತ್ರ ಸ್ವಲ್ಪ ಗಾಳಿ, ಆದರೆ ಭೇದಿ ಇಲ್ಲ.

ನಂತರ ಹಾಲನ್ನು ಮೆಲ್ಲಗೆ ಒಳಗೆ ಬಿಟ್ಟೆವು. ಮೂರು ದಿನ ಊಟದ ಜೊತೆ 100 ಮಿಲೀ: ಏನೂ ಆಗಲಿಲ್ಲ. ಮುಂದಿನ ಮೂರು ದಿನ 150 ಮಿಲೀ: ಏನೂ ಇಲ್ಲ. 200ಕ್ಕೆ ಬಂದಾಗ ಒಂದು ದಿನ ಸಣ್ಣ ಗುಡುಗು. ಕೊನೆಗೆ ರಜೆಯ ದಿನ ನೋಡಿ ಹಳೆಯ ಲೋಟ, ಖಾಲಿ ಹೊಟ್ಟೆ, ಪೂರ್ತಿ 300. ಒಂದೂವರೆ ಗಂಟೆಗೆ ಹಳೆಯ ಕಥೆ ಮತ್ತೆ ಶುರುವಾಯಿತು.

ಹಾಲು ಬಿಟ್ಟಾಗ ಹೋದ ತೊಂದರೆ ಹಾಲು ಸೇರಿಸಿದಾಗ ಮರಳಿತೆಂದರೆ ಕಾರಣ ಹಾಲು ಎನ್ನಬಹುದು. ಆದರೆ ಹಾಲಿನಲ್ಲಿರುವ ಸಕ್ಕರೆಯೇ ಕಾರಣವೋ ಬೇರೇನೋ ಎಂಬುದು ಇಷ್ಟರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಇನ್ನೊಂದು ಹೆಜ್ಜೆ ಬೇಕು. ಅದನ್ನು ಲ್ಯಾಕ್ಟೋಸ್ ಮುಕ್ತ ಹಾಲಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಇದಕ್ಕೆ ಪರೀಕ್ಷೆ ಇಲ್ಲವೇ?

ಇದೆ, ಉಸಿರಿನ ಪರೀಕ್ಷೆ. ರಾತ್ರಿಯಿಡೀ ಉಪವಾಸವಿದ್ದು ಬೆಳಗ್ಗೆ ಹಾಲಿನ ಸಕ್ಕರೆ ಕರಗಿಸಿದ ನೀರು ಕುಡಿಯಬೇಕು. ನಂತರ ಕೆಲವು ಗಂಟೆಗಳ ಕಾಲ ಆಗಾಗ ಒಂದು ಯಂತ್ರಕ್ಕೆ ಊದಬೇಕು. ದೊಡ್ಡ ಕರುಳಿನಲ್ಲಿ ಹುಟ್ಟಿದ ಹೈಡ್ರೋಜನ್ ರಕ್ತ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ. ಯಂತ್ರ ಅಳೆಯುವುದು ಅದನ್ನೇ. ಸಾಮಾನ್ಯವಾಗಿ ದೊಡ್ಡ ಊರುಗಳ ಜಠರ-ಕರುಳು ತಜ್ಞರ ಬಳಿ ಇದು ಸಿಗುತ್ತದೆ.

ಒಂದು ಮಾತು ನೆನಪಿರಲಿ. ಈ ಪರೀಕ್ಷೆಯಲ್ಲಿ ಕುಡಿಸುವ ಸಕ್ಕರೆ 25 ಅಥವಾ 50 ಗ್ರಾಂ. ಅದು ಅರ್ಧ ಲೀಟರ್ ಅಥವಾ ಒಂದು ಲೀಟರ್ ಹಾಲಿಗೆ ಸಮ. ಅಷ್ಟಕ್ಕೆ ‘ಇದೆ’ ಎಂದು ವರದಿ ಬಂದ ಮಾತ್ರಕ್ಕೆ ಚಹಾಕ್ಕೆ ಹಾಕುವ ಹಾಲೂ ಆಗದು ಎಂದು ಅರ್ಥವಲ್ಲ.

ಹಾಗಾದರೆ ಎಷ್ಟು ಹಾಲು ತಡೆಯುತ್ತದೆ?

ಕಿಣ್ವ ತಗ್ಗಿದವರಲ್ಲಿ ಬಹುತೇಕರು ಒಂದು ಸಲಕ್ಕೆ ಸುಮಾರು 12 ಗ್ರಾಂ ಹಾಲಿನ ಸಕ್ಕರೆಯನ್ನು, ಅಂದರೆ ಕಾಲು ಲೀಟರ್‌ನಷ್ಟು ಹಾಲನ್ನು, ಹೆಚ್ಚು ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. ಊಟದ ಜೊತೆಗಾದರೆ ಇನ್ನೂ ಸಲೀಸು. ಹೊಟ್ಟೆಯಲ್ಲಿ ರೊಟ್ಟಿಯೋ ಅನ್ನವೋ ಇದ್ದರೆ ಹಾಲು ಕೆಳಗೆ ನಿಧಾನವಾಗಿ ಇಳಿಯುತ್ತದೆ, ಇರುವ ಅಲ್ಪಸ್ವಲ್ಪ ಕಿಣ್ವಕ್ಕೂ ಕೆಲಸ ಮಾಡಲು ಪುರುಸೊತ್ತು ಸಿಗುತ್ತದೆ. ಇಷ್ಟನ್ನೂ ತಡೆಯದವರೂ ಇದ್ದಾರೆ, ಅವರು ಇನ್ನೂ ಕೆಳಗಿನಿಂದ ಶುರುಮಾಡಬೇಕು.

ಹೋಟೆಲಿನ ಸಣ್ಣ ಲೋಟದ ಚಹಾದಲ್ಲಿ 40 ಮಿಲೀ ಹಾಲಿದ್ದರೆ ಸಕ್ಕರೆ 2 ಗ್ರಾಂ. ದಿನಕ್ಕೆ ಮೂರು ಚಹಾ ಆದರೂ ಬಿಡಿಬಿಡಿಯಾಗಿ ಹೋಗುವುದರಿಂದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನಮ್ಮ ಗುಮಾಸ್ತರ ಚಹಾ ಹೀಗೆ ವಾಪಸ್ ಬಂತು.

ಹಾಲನ್ನು ಚೆನ್ನಾಗಿ ಕಾಯಿಸಿದರೆ? ಎಮ್ಮೆ ಹಾಲು, ಮೇಕೆ ಹಾಲು, ಎ2 ಹಾಲು?

ಎಷ್ಟೇ ಕುದಿಸಿದರೂ ಹಾಲಿನ ಸಕ್ಕರೆ ಹೋಗುವುದಿಲ್ಲ. ಬತ್ತಿಸಿದರೆ ಲೋಟವೊಂದಕ್ಕೆ ಹೆಚ್ಚೇ ಆಗುತ್ತದೆ. ಆಕಳು, ಎಮ್ಮೆ, ಮೇಕೆ ಮೂರರಲ್ಲೂ ಅದು ಹತ್ತಿರ ಹತ್ತಿರ ಒಂದೇ ಪ್ರಮಾಣ. ಎ2 ಎನ್ನುವುದು ಪ್ರೋಟೀನ್‌ಗೆ ಸಂಬಂಧಿಸಿದ ಮಾತು, ಸಕ್ಕರೆಗಲ್ಲ. ಪ್ಯಾಕೆಟ್ ಹಾಲಿನ ಬಣ್ಣಗಳು ಮುಖ್ಯವಾಗಿ ಕೊಬ್ಬಿನ ವ್ಯತ್ಯಾಸ ಹೇಳುತ್ತವೆ. ಕೆನೆ ತೆಗೆದ ಹಾಲಿನಲ್ಲೂ ಹಾಲಿನ ಸಕ್ಕರೆ ಹಾಗೆಯೇ ಇರುತ್ತದೆ. ನೀರು ಬೆರೆಸಿದರೆ ಲೋಟದಲ್ಲಿನ ಸಕ್ಕರೆ ಕಡಿಮೆಯಾಗುವುದು ನಿಜ, ಆದರೆ ಜೊತೆಗೆ ಹಾಲೂ ಕಡಿಮೆಯಾಯಿತಲ್ಲ.

ಮೊಸರು ಯಾಕೆ ಒಗ್ಗುತ್ತದೆ? ಅದೂ ಹಾಲಿನಿಂದಲೇ ಆದದ್ದಲ್ಲವೇ?

ಹೆಪ್ಪು ಹಾಕಿದ ಕ್ಷಣದಿಂದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನೇ ತಿಂದು ಹುಳಿ ಮಾಡುತ್ತವೆ. ಮೊಸರು ಗಟ್ಟಿಯಾಗುವುದೇ ಆ ಹುಳಿಯಿಂದ. ಆದರೆ ಅವು ಪೂರ್ತಿ ಮುಗಿಸುವುದಿಲ್ಲ. ಹುಳಿ ಹೆಚ್ಚಿದಂತೆ ಅವುಗಳ ಕೆಲಸವೇ ನಿಧಾನವಾಗುತ್ತದೆ. ಆದ್ದರಿಂದ ಮೊಸರಿನಲ್ಲಿ ಕಡಿಮೆಯಾಗುವುದು ಸುಮಾರು ಕಾಲು ಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ. ಹುಳಿ ಮೊಸರಿನಲ್ಲಿ ಹಾಲಿನ ಸಕ್ಕರೆ ಒಂಚೂರೂ ಇರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು.

ಮೊಸರಿನ ನಿಜವಾದ ಉಪಕಾರ ಹೊಟ್ಟೆಯೊಳಗೆ ನಡೆಯುತ್ತದೆ. ಆ ಬ್ಯಾಕ್ಟೀರಿಯಾಗಳೊಳಗೆ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಇದೆ. ಜಠರದ ಆಮ್ಲವನ್ನು ದಾಟಿ ಸಣ್ಣ ಕರುಳಿಗೆ ಬಂದ ಮೇಲೆ ಅದು ಕೆಲಸ ಮುಂದುವರಿಸುತ್ತದೆ. ನಮ್ಮಲ್ಲಿ ಇಲ್ಲದ ಕಿಣ್ವವನ್ನು ಮೊಸರು ತಾನೇ ಕಟ್ಟಿಕೊಂಡು ಬಂದಂತೆ. ಜೊತೆಗೆ ಅದು ಹಾಲಿಗಿಂತ ಗಟ್ಟಿ, ಜಠರದಿಂದ ನಿಧಾನವಾಗಿ ಇಳಿಯುತ್ತದೆ.

ಇದರಿಂದ ಒಂದು ವಿಷಯ ಹೊರಡುತ್ತದೆ. ಮೊಸರನ್ನು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಕಿಣ್ವವೂ ಕೆಡುತ್ತದೆ. ಕುದಿಸಿ ಮಾಡಿದ ಮಜ್ಜಿಗೆಹುಳಿ ರುಚಿಯಾಗಿರುತ್ತದೆ, ಆದರೆ ಈ ವಿಚಾರದಲ್ಲಿ ಹಸಿ ಮೊಸರಿಗೆ ಸಮನಲ್ಲ. ಹಾಲನ್ನು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿ, ಪೂರ್ತಿ ಗಟ್ಟಿಯಾಗುವವರೆಗೆ ಬಿಡಿ. ರಾಯಚೂರಿನ ಏಪ್ರಿಲ್‌ನಲ್ಲಿ ಇದು ಮೂರ್ನಾಲ್ಕು ಗಂಟೆಯ ಮಾತು, ಡಿಸೆಂಬರ್‌ನಲ್ಲಿ ರಾತ್ರಿಯಿಡೀ ಬೇಕು. ಅರೆಬರೆ ಹೆಪ್ಪಾದದ್ದನ್ನು ಫ್ರಿಜ್‌ಗೆ ತಳ್ಳಿದರೆ ಅದರಲ್ಲಿರುವುದು ಹೆಚ್ಚಾಗಿ ಹಾಲೇ.

ಮಜ್ಜಿಗೆ ಮೊಸರಿಗಿಂತ ಇನ್ನೂ ಸಲೀಸು ಏಕೆ?

ನೀರಿನ ಲೆಕ್ಕ. ಒಂದು ಭಾಗ ಮೊಸರಿಗೆ ಮೂರು ಭಾಗ ನೀರು ಹಾಕಿ ಕಡೆದ 200 ಮಿಲೀ ಮಜ್ಜಿಗೆಯಲ್ಲಿ ಇರುವ ಮೊಸರು 50 ಮಿಲೀ. ಅದರಲ್ಲಿ ಹಾಲಿನ ಸಕ್ಕರೆ 2 ಗ್ರಾಂಗೂ ಕಡಿಮೆ. ಅಷ್ಟೇ ಹಾಲು ಕುಡಿದಿದ್ದರೆ 10 ಗ್ರಾಂ ಒಳಗೆ ಹೋಗುತ್ತಿತ್ತು. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಉಂಡರೆ ಊಟದ ಜೊತೆ ಎಂಬ ಷರತ್ತೂ ತಾನಾಗಿಯೇ ಪೂರೈಸುತ್ತದೆ.

ಬೆಣ್ಣೆ ತೆಗೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಣ್ಣೆಯ ಜೊತೆ ಹೋಗುವುದು ಕೊಬ್ಬು, ಹಾಲಿನ ಸಕ್ಕರೆ ನೀರಿನಲ್ಲಿ ಉಳಿಯುತ್ತದೆ.

ಮಜ್ಜಿಗೆ ಕುಡಿದೂ ಭೇದಿಯಾಯಿತು ಎನ್ನುವವರಿಗೆ ನಾನು ಕೇಳುವುದು ಎಲ್ಲಿ ಕುಡಿದಿರಿ ಎಂದು. ಮನೆಯದ್ದು ಒಗ್ಗಿ, ಬಸ್ ನಿಲ್ದಾಣದ ಬಳಿ ಐಸ್ ಹಾಕಿದ್ದು ಮಾತ್ರ ಕೆಟ್ಟರೆ ಹಾಲಿನ ಸಕ್ಕರೆಯನ್ನು ಬಿಟ್ಟು ಐಸಿನ ನೀರನ್ನು ಅನುಮಾನಿಸಿ. ಜ್ವರ, ವಾಂತಿ ಜೊತೆಗಿದ್ದರೆ ಆ ಅನುಮಾನ ಇನ್ನೂ ಬಲವಾಗುತ್ತದೆ.

ಮದುವೆ ಊಟದ ಮೊಸರನ್ನ ಮಾತ್ರ ತೊಂದರೆ ಕೊಡುತ್ತದೆ. ಮನೆಯದ್ದು ಕೊಡುವುದಿಲ್ಲ. ಇದೇನು ವಿಚಿತ್ರ?

ಅಡುಗೆಯವರನ್ನು ಕೇಳಿ ನೋಡಿ. ಮಧ್ಯಾಹ್ನದವರೆಗೆ ಹುಳಿಯಾಗದಿರಲಿ ಎಂದು ಬಿಸಿ ಅನ್ನಕ್ಕೆ ಧಾರಾಳವಾಗಿ ಹಾಲು ಸುರಿದು, ಮೇಲೆ ಸ್ವಲ್ಪ ಮೊಸರು ಸೇರಿಸುತ್ತಾರೆ. ಹೆಸರು ಮೊಸರನ್ನ, ತಟ್ಟೆಯಲ್ಲಿರುವುದು ಬಹುಪಾಲು ಹಾಲನ್ನ. ಅದೇ ಪಂಕ್ತಿಯಲ್ಲಿ ಪಾಯಸ, ಪೇಡೆ ಬಂದಿರುತ್ತವೆ. ಸುಮಾರು ಐದು ಲೀಟರ್ ಹಾಲು ಬತ್ತಿ ಒಂದು ಕೆಜಿ ಖೋವಾ ಆಗುತ್ತದೆ, ಅಷ್ಟೂ ಹಾಲಿನ ಸಕ್ಕರೆ ಆ ಒಂದು ಕೆಜಿಯಲ್ಲೇ ಕೂತಿರುತ್ತದೆ. ಹಾಲಿನ ಪುಡಿಯದ್ದೂ ಇದೇ ಕಥೆ.

ಪನೀರ್ ಇದಕ್ಕೆ ಉಲ್ಟಾ. ಹಾಲು ಒಡೆದಾಗ ಸಕ್ಕರೆಯ ಹೆಚ್ಚಿನ ಪಾಲು ನೀರಿನ ಜೊತೆ ಬಸಿದು ಹೋಗುತ್ತದೆ. ಆ ನೀರನ್ನು ಚೆಲ್ಲಲು ಮನಸ್ಸಾಗದೆ ಚಪಾತಿ ಹಿಟ್ಟಿಗೆ ಕಲಸುವವರು ಇದನ್ನು ನೆನಪಿಡಬೇಕು. ತುಪ್ಪದಲ್ಲಿ ಹಾಲಿನ ಸಕ್ಕರೆ ಇಲ್ಲವೆಂದೇ ಹೇಳಬಹುದು.

ಲ್ಯಾಕ್ಟೋಸ್ ಮುಕ್ತ ಹಾಲು ಎಂದರೆ ಹಾಲಿನಿಂದ ಏನನ್ನು ತೆಗೆದಿರುತ್ತಾರೆ?

ಸಾಮಾನ್ಯವಾಗಿ ಏನನ್ನೂ ತೆಗೆದಿರುವುದಿಲ್ಲ, ಬದಲಿಗೆ ಕಿಣ್ವವನ್ನು ಸೇರಿಸಿರುತ್ತಾರೆ. ನಮ್ಮ ಕರುಳು ಮಾಡಬೇಕಾದ ಕೆಲಸ ಪ್ಯಾಕೆಟ್ಟಿನೊಳಗೇ ಮುಗಿದಿರುತ್ತದೆ. ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲವೂ ಹಾಲಿನಲ್ಲಿದ್ದಷ್ಟೇ ಇರುತ್ತವೆ. ಒಡೆದ ಸಕ್ಕರೆಗಳು ನಾಲಿಗೆಗೆ ಹೆಚ್ಚು ಸಿಹಿ, ಆದ್ದರಿಂದ ಸಕ್ಕರೆ ಬೆರೆಸಿದ್ದಾರೆ ಎಂದು ಅನುಮಾನ ಬರುತ್ತದೆ. ಪ್ಯಾಕೆಟ್ ಹಿಂದೆ 100 ಮಿಲೀಗೆ ಸುಮಾರು 5 ಗ್ರಾಂ ಸಕ್ಕರೆ ಎಂದು ಇರುವುದನ್ನು ನೋಡಿ ಮೋಸ ಎಂದವರೂ ಇದ್ದಾರೆ. ಮೋಸವಲ್ಲ, ಅದೇ ಸಕ್ಕರೆ ಒಡೆದು ನಿಂತಿದೆ. ಮಧುಮೇಹ ಇರುವವರು ಮಾತ್ರ ಇದನ್ನು ಸಾಮಾನ್ಯ ಹಾಲಿನಂತೆಯೇ ಲೆಕ್ಕಕ್ಕೆ ಹಿಡಿಯಬೇಕು, ‘ಸಕ್ಕರೆ ಇಲ್ಲದ ಹಾಲು’ ಎಂದು ತಿಳಿಯಬಾರದು.

ಈಗ ಗುಮಾಸ್ತರ ಕೊನೆಯ ಹೆಜ್ಜೆ. ಎರಡು ರಜೆಯ ದಿನ ಅವರ ಹೆಂಡತಿ ಅದೇ ಲೋಟದಲ್ಲಿ, ಅದೇ ಆರು ಗಂಟೆಗೆ, 300 ಮಿಲೀ ಹಾಲು ಕೊಟ್ಟರು. ಒಂದು ದಿನ ಮಾಮೂಲಿ ಹಾಲು, ಒಂದು ದಿನ ಲ್ಯಾಕ್ಟೋಸ್ ಮುಕ್ತ ಹಾಲು, ಯಾವುದು ಯಾವತ್ತು ಎಂದು ಹೇಳದೆ. ಸಿಹಿಯಿಂದ ಗುಟ್ಟು ರಟ್ಟಾಗದಿರಲಿ ಎಂದು ಎರಡಕ್ಕೂ ಸಕ್ಕರೆ ಮತ್ತು ಏಲಕ್ಕಿ ಹಾಕಿದ್ದರು, ಮಾಮೂಲಿ ಹಾಲಿಗೆ ಸಕ್ಕರೆ ಒಂದು ಚಮಚ ಹೆಚ್ಚು. ಮೊದಲ ಭಾನುವಾರ ಹೊಟ್ಟೆ ಶಾಂತ. ಎರಡನೆಯ ಭಾನುವಾರ ಬೆಳಗ್ಗೆ ಎಂಟರೊಳಗೆ ಎರಡು ಸಲ ಓಟ. ಮೊದಲನೆಯ ದಿನದ್ದೇ ಲ್ಯಾಕ್ಟೋಸ್ ಮುಕ್ತ ಹಾಲು. ಎರಡರಲ್ಲೂ ಕೊಬ್ಬು, ಪ್ರೋಟೀನ್ ಒಂದೇ ಆಗಿದ್ದರಿಂದ ತಪ್ಪಿತಸ್ಥ ಯಾರೆಂದು ಇನ್ನು ಹೆಚ್ಚು ಹುಡುಕಬೇಕಿರಲಿಲ್ಲ.

ಎರಡು ದಿನದಲ್ಲೂ ಹೊಟ್ಟೆ ಕೆಟ್ಟಿದ್ದರೆ ನಾನು ಅವರನ್ನು ವೈದ್ಯರ ಬಳಿ ಕಳುಹಿಸುತ್ತಿದ್ದೆ.

ಈ ಹಾಲು ಮಾಮೂಲಿಗಿಂತ ದುಬಾರಿ, ಸಣ್ಣ ಊರುಗಳಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ದಿನವೂ ಕುಡಿಯಲೇಬೇಕೆಂದಿಲ್ಲ. ಗುಮಾಸ್ತರು ಪರೀಕ್ಷೆಗೆಂದು ತಂದದ್ದೇ ಕೊನೆ. ಈಗ ಬೆಳಗ್ಗೆ ಮಜ್ಜಿಗೆ, ರಾತ್ರಿ ಊಟದ ಜೊತೆ 150 ಮಿಲೀ ಹಾಲು. ತಾಯಿಗೆ ಇನ್ನೂ ಸಮಾಧಾನವಿಲ್ಲ.

ಬಿಡದೆ ಕುಡಿಯುತ್ತಿದ್ದರೆ ಅಭ್ಯಾಸವಾಗುತ್ತದೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಕುಡಿದಷ್ಟೂ ಕಿಣ್ವ ಹುಟ್ಟುತ್ತದೆ ಎಂಬುದು ಸುಳ್ಳು. ಆದರೆ ದಿನವೂ ಸ್ವಲ್ಪ ಸ್ವಲ್ಪ ಹಾಲು ಹೋಗುತ್ತಿದ್ದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಸಮೂಹ ಬದಲಾಗಿ ಕೆಲವರಿಗೆ ಗಾಳಿ ಕಡಿಮೆಯಾಗುತ್ತದೆ. ಹೊಟ್ಟೆ ಹಿಡಿದುಕೊಂಡು ದೊಡ್ಡ ಲೋಟ ಕುಡಿಯುವ ಹಟಕ್ಕೂ ಇದಕ್ಕೂ ಸಂಬಂಧವಿಲ್ಲ.

ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಕುಡಿದ ದಿನ ಮಗಳಿಗೆ ಹೊಟ್ಟೆನೋವು. ಬಿಡಿಸಲೇ?

ಬಿಡಿಸುವ ಮುನ್ನ ಅವಳು ಏನಾದರೂ ತಿಂದು ಹೋಗುತ್ತಾಳೆಯೇ ನೋಡಿ. ಕೊಡುವುದು 150 ಮಿಲೀ, ಅಂದರೆ ಏಳು ಗ್ರಾಂ ಆಸುಪಾಸು ಹಾಲಿನ ಸಕ್ಕರೆ. ಒಂದು ರೊಟ್ಟಿ ಅಥವಾ ಎರಡು ಇಡ್ಲಿ ತಿಂದು ಹೋದರೆ ಹಲವು ಮಕ್ಕಳಿಗೆ ಅಷ್ಟು ತಡೆಯುತ್ತದೆ. ಒಂದು ವಾರ ಹೀಗೆ ಮಾಡಿಯೂ ನೋವು ನಿಲ್ಲದಿದ್ದರೆ ಅರ್ಧ ಲೋಟ ಸಾಕೆಂದು ಶಿಕ್ಷಕರಿಗೆ ಹೇಳಿ, ಮನೆಯಲ್ಲಿ ಮೊಸರು ಕೊಡಿ. ಮಗು ಬೆಳೆಯುತ್ತಿಲ್ಲ, ತೂಕ ಏರುತ್ತಿಲ್ಲ ಎಂದಿದ್ದರೆ ಮಾತ್ರ ಈ ಪ್ರಯೋಗಗಳಲ್ಲಿ ಕಾಲ ಕಳೆಯದೆ ಮಕ್ಕಳ ವೈದ್ಯರಿಗೆ ತೋರಿಸಿ.

ವಾಂತಿ-ಭೇದಿ ಬಂದು ಹೋದ ಮೇಲೆ ಹಾಲು ಒಗ್ಗುತ್ತಿಲ್ಲ. ಮೊದಲು ಒಗ್ಗುತ್ತಿತ್ತು.

ಇದು ತಾತ್ಕಾಲಿಕ. ಕಿಣ್ವ ಇರುವುದು ಕರುಳಿನ ಒಳಗೋಡೆಯ ಮೇಲ್ಪದರದಲ್ಲಿ, ಸೋಂಕಿನಿಂದ ಮೊದಲು ಕೆಡುವುದೂ ಅದೇ. ಪದರ ಮತ್ತೆ ಬೆಳೆಯಲು ಕೆಲವು ವಾರ ಬೇಕಾಗಬಹುದು. ಅಲ್ಲಿಯವರೆಗೆ ಮೊಸರು, ಮಜ್ಜಿಗೆಯಲ್ಲಿದ್ದು ಆಮೇಲೆ ಹಾಲನ್ನು ಸ್ವಲ್ಪಸ್ವಲ್ಪ ಶುರುಮಾಡಿ. ಈ ಮಾತು ದೊಡ್ಡವರಿಗೆ. ಹಾಲು ಕುಡಿಯುವ ಕೂಸಿಗೆ ಭೇದಿಯಾದರೆ ತಾಯಿಯ ಹಾಲನ್ನು ನಿಲ್ಲಿಸಲೇಬಾರದು. ಓಆರ್‌ಎಸ್ ಜೊತೆ ಅದನ್ನು ಮುಂದುವರಿಸಿ ವೈದ್ಯರಿಗೆ ತೋರಿಸಬೇಕು.

ಯಾವಾಗ ಇದನ್ನು ಹಾಲಿನ ತಲೆಗೆ ಕಟ್ಟಬಾರದು?

ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಜ್ವರವಿದ್ದರೆ, ನಿದ್ದೆಯಿಂದ ಎಬ್ಬಿಸುವಂತೆ ಭೇದಿಯಾಗುತ್ತಿದ್ದರೆ, ರಕ್ತಹೀನತೆ ಇದೆಯೆಂದು ವರದಿ ಬಂದಿದ್ದರೆ. ಎರಡು ವಾರ ಹಾಲು ಪೂರ್ತಿ ಬಿಟ್ಟರೂ ಕ್ಯಾಲೆಂಡರಿನ ಚೌಕಗಳು ಮೊದಲಿನಂತೆಯೇ ತುಂಬುತ್ತಿದ್ದರೂ ಅಷ್ಟೇ. ಅಂಥವರು ಆ ಕ್ಯಾಲೆಂಡರನ್ನೇ ಹಿಡಿದುಕೊಂಡು ವೈದ್ಯರ ಬಳಿ ಹೋಗಲಿ.

ಹಾಲು ಕಡಿಮೆ ಮಾಡಿದರೆ ಕ್ಯಾಲ್ಸಿಯಂ?

ಮೊಸರು, ಮಜ್ಜಿಗೆ, ಪನೀರ್ ಉಳಿದಿದ್ದರೆ ಚಿಂತೆ ಅಷ್ಟಿಲ್ಲ, ಆದರೆ ಮಜ್ಜಿಗೆ ತೆಳುವಾದಷ್ಟೂ ಕ್ಯಾಲ್ಸಿಯಂ ಕೂಡ ತೆಳುವಾಗುತ್ತದೆ. ಜೋಳದಲ್ಲಿ ಅದು ಕಡಿಮೆ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು. ವಾರಕ್ಕೆರಡು ದಿನ ರೊಟ್ಟಿಯ ಬದಲು ರಾಗಿ, ಚಟ್ನಿಪುಡಿಗೆ ಎಳ್ಳು, ಪಲ್ಯಕ್ಕೆ ನುಗ್ಗೆಸೊಪ್ಪು.